ಜೊತೆಯವರಿಗೆ ಪ್ರಮೋಷನ್ ಬಂದಾಗ ಏನು ಹೇಳಬೇಕು, ಹೇಗೆ ಹೇಳಬೇಕು

ಸಂಜೆ ಐದೂವರೆಗೆ ಆಫೀಸಿನ ವಾಟ್ಸಾಪ್ ಗುಂಪಿಗೆ ಒಂದು ಪಿಡಿಎಫ್ ಬರುತ್ತದೆ. ಮುಂಬಡ್ತಿ ಆದೇಶ. ಎರಡು ನಿಮಿಷ ಕಳೆಯುವಷ್ಟರಲ್ಲಿ ಶುರು. ‘ಹಾರ್ದಿಕ ಅಭಿನಂದನೆಗಳು ಮೇಡಂ’, ಅದರ ಕೆಳಗೆ ಹೂವಿನ ಚಿತ್ರ, ಅದರ ಕೆಳಗೆ ಮತ್ತೊಂದು ‘ಹಾರ್ದಿಕ ಅಭಿನಂದನೆಗಳು’. ರಾತ್ರಿ ಊಟದ ಹೊತ್ತಿಗೆ ಮೂವತ್ತು ನಲವತ್ತು ಮೆಸೇಜು ಬಿದ್ದಿರುತ್ತವೆ. ಪ್ರಮೋಷನ್ ಬಂದವರು ಎಲ್ಲದಕ್ಕೂ ಕೈ ಮುಗಿದು ಧನ್ಯವಾದ ಹೇಳುತ್ತಾರೆ. ಯಾರು ಏನು ಬರೆದರು ಅನ್ನುವುದು ಮಾರನೇ ದಿನ ಅವರಿಗೂ ನೆನಪಿರುವುದಿಲ್ಲ.

ನಾನು ಕೊಪ್ಪಳದ ಒಂದು ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕ. ಒಂದೇ ಟೇಬಲ್ ಸಾಲಿನಲ್ಲಿ ವರ್ಷಗಟ್ಟಲೆ ಕೂತವರು ಒಬ್ಬೊಬ್ಬರಾಗಿ ಸೂಪರಿಂಟೆಂಡೆಂಟ್ ಆಗಿ ಹೋಗುವುದನ್ನು ನೋಡಿದ್ದೇನೆ. ಆ ಹೊತ್ತಿನಲ್ಲಿ ನಾವು ಆಡುವ ಎರಡು ಮಾತು ಎಷ್ಟು ದಿನ ಉಳಿಯುತ್ತವೆ ಅನ್ನುವುದನ್ನೂ ನೋಡಿದ್ದೇನೆ. ಅದರಲ್ಲೂ ಕಷ್ಟದ್ದು ಯಾವುದು ಅಂದರೆ, ಒಂದೇ ಪಟ್ಟಿಯಲ್ಲಿ ನಮ್ಮ ಹೆಸರೂ ಇದ್ದು, ಅವರಿಗೆ ಬಂದು, ನಮಗೆ ಬರದೇ ಇರುವುದು. ಈ ಲೇಖನ ಮುಖ್ಯವಾಗಿ ಅಂಥ ದಿನಕ್ಕಾಗಿ.

ಆದೇಶ ಬರುವವರೆಗೆ ಸುಮ್ಮನಿರಿ, ಬಂದ ಮೇಲೆ ಪೂರ್ತಿ ಓದಿ

ನಮ್ಮಲ್ಲಿ ಸುದ್ದಿ ಆದೇಶಕ್ಕಿಂತ ಮೊದಲೇ ಬರುತ್ತದೆ. ‘ಡಿಪಿಸಿ ಆತಂತ, ನಿಮ್ಮ ಹೆಸರು ಐತಂತ’ ಅಂತ ಯಾರೋ ಫೋನ್ ಮಾಡುತ್ತಾರೆ. ಆಗಲೇ ಅಭಿನಂದನೆ ಹೇಳಲು ಓಡಬೇಡಿ. ತಾತ್ಕಾಲಿಕ ಜ್ಯೇಷ್ಠತಾ ಪಟ್ಟಿಗೆ ಆಕ್ಷೇಪಣೆ ಬರುತ್ತವೆ, ಅಂತಿಮ ಪಟ್ಟಿಯಲ್ಲಿ ಹೆಸರು ಮೇಲೆ ಕೆಳಗೆ ಆಗುತ್ತದೆ. ಮುಂಬಡ್ತಿ ಸಮಿತಿ ಮುಗಿದ ಮೇಲೂ ಆದೇಶ ತಿಂಗಳುಗಟ್ಟಲೆ ನಿಲ್ಲುವುದುಂಟು. ಮೊದಲೇ ಹೇಳಿಬಿಟ್ಟರೆ, ಕಾಯುವ ಆ ದಿನಗಳಲ್ಲಿ ಎದುರು ಸಿಕ್ಕಾಗಲೆಲ್ಲ ಅವರಿಗೆ ಮುಜುಗರ. ಆದೇಶ ಬಂದ ದಿನ ನಿಮ್ಮ ಮಾತೂ ಹಳಸಿರುತ್ತದೆ.

ಆದೇಶ ಬಂತು ಅಂದುಕೊಳ್ಳಿ. ಹೆಸರು ನೋಡಿ ಮೊಬೈಲ್ ಕೆಳಗಿಡಬೇಡಿ. ಅವರ ಹೆಸರಿನ ಮುಂದಿರುವ ಸ್ಥಳ ಓದಿ. ಸರ್ಕಾರಿ ನೌಕರಿಯಲ್ಲಿ ಬಹಳ ಸಲ ಪ್ರಮೋಷನ್ನು ಮತ್ತು ವರ್ಗಾವಣೆ ಒಂದೇ ಕಾಗದದಲ್ಲಿ ಬರುತ್ತವೆ. ಕೊಪ್ಪಳದಿಂದ ಯಲಬುರ್ಗಾಕ್ಕೋ ಕುಷ್ಟಗಿಗೋ ಆದರೆ ಬಸ್ಸಿನಲ್ಲಿ ದಿನಾ ಹೋಗಿ ಬರಬಹುದು. ರಾಯಚೂರು ಜಿಲ್ಲೆಯ ದೇವದುರ್ಗಕ್ಕೆ ಆದರೆ ಅಲ್ಲೊಂದು ರೂಮು ಮಾಡಲೇಬೇಕು. ಕೆಲವು ಇಲಾಖೆಗಳಲ್ಲಿ ಬೀದರಿನವರೆಗೂ ಕಳಿಸುತ್ತಾರೆ. ಮಗ ಎಸ್‌ಎಸ್‌ಎಲ್‌ಸಿಯಲ್ಲಿರುತ್ತಾನೆ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇರುತ್ತಾರೆ. ಅಂಥವರಿಗೆ ಆ ಸಂಜೆ ಖುಷಿಗಿಂತ ಚಿಂತೆಯೇ ಜಾಸ್ತಿ ಇರುತ್ತದೆ. ಮುಂಬಡ್ತಿ ಬೇಡ ಅಂತ ಬರೆದುಕೊಡಬೇಕೋ ಏನೋ ಅಂತ ಯೋಚಿಸುವವರೂ ಇದ್ದಾರೆ. ಅವರ ಎದುರು ಹೋಗಿ ಜೋರಾಗಿ ಕೈ ಕುಲುಕಿ ‘ಏನ್ ಮೇಡಂ, ಫುಲ್ ಖುಷಿಯಲ್ಲಿದ್ದೀರಿ’ ಅಂದರೆ, ನಿಮಗೆ ಅವರ ಬಗ್ಗೆ ಏನೂ ಗೊತ್ತಿಲ್ಲ ಅಂತ ಅವರಿಗೆ ಅನಿಸುತ್ತದೆ.

ಸ್ಥಳ ದೂರ ಇದ್ದರೆ ಅದನ್ನು ಗಮನಿಸಿದ್ದೀರಿ ಅನ್ನುವುದು ಮಾತಿನಲ್ಲಿ ಬರಲಿ. ಆದರೆ ಖುಷಿಯ ಮಾತು ಮೊದಲು, ಊರಿನ ಮಾತು ಆಮೇಲೆ. ‘ಆರ್ಡರ್ ನೋಡಿದೆ ಮೇಡಂ, ನನಗ ಭಾಳ ಖುಷಿ ಆತು. ಊರು ಒಂದೀಟು ದೂರ ಆತಲ್ರೀ, ಮನಿಯಾಗ ಹೆಂಗ ಮಾಡ್ತೀರಿ?’ ಇಷ್ಟು ಕೇಳಿ ಸುಮ್ಮನೆ ನಿಂತರೆ ಸಾಕು. ಅವರೇ ಮಾತಾಡುತ್ತಾರೆ.

ಹೋಗುವ ಮೊದಲು ನಿಮ್ಮ ಸಂಕಟ ಬೇರೆ ಕಡೆ ಇಳಿಸಿ

ನಮಗೆ ಬರಬೇಕಿದ್ದದ್ದು ಬೇರೆಯವರಿಗೆ ಬಂದಾಗ ಹೊಟ್ಟೆಯಲ್ಲಿ ಚುರ್ ಅನ್ನುತ್ತದೆ. ಇಪ್ಪತ್ತು ವರ್ಷ ಒಂದೇ ಖುರ್ಚಿಯಲ್ಲಿ ಕೂತವರಿಗೆ ಹಾಗೆ ಅನಿಸದಿದ್ದರೆ ಆಶ್ಚರ್ಯ. ತೊಂದರೆ ಆಗುವುದು ಆ ಚುರುಕು ಇನ್ನೂ ಬಿಸಿ ಇರುವಾಗಲೇ ಅವರ ಎದುರು ನಿಂತರೆ.

ನಾನು ಹಾಗೆ ನಿಂತಿದ್ದೆ. ನನ್ನ ಜೊತೆಗೇ ಕೆಲಸಕ್ಕೆ ಸೇರಿದ ಗೆಳೆಯ. ಆದೇಶ ಬಂದ ಹತ್ತು ನಿಮಿಷಕ್ಕೆ ವರಾಂಡದಲ್ಲಿ ಸಿಕ್ಕ. ನಾನು ನಕ್ಕು, ಅವನ ಹೆಗಲ ಮೇಲೆ ಕೈ ಹಾಕಿ, ‘ನಿನಗೇನಪಾ, ನಸೀಬ ಚೊಲೊ ಐತಿ, ರೋಸ್ಟರ್ ಕೈ ಹಿಡೀತು’ ಅಂದೆ. ರೋಸ್ಟರ್ ಅಂದರೆ ಮೀಸಲಾತಿಯ ಸರದಿ ಪಟ್ಟಿ. ಅವನ ನಗು ಅರ್ಧಕ್ಕೇ ನಿಂತಿತು. ‘ಹೌದಪಾ’ ಅಂದು ಹೋದ. ಅವನು ಅಕೌಂಟ್ಸ್ ಹೈಯರ್ ಪರೀಕ್ಷೆಯನ್ನು ಮೂರನೇ ಸಲಕ್ಕೆ ಪಾಸು ಮಾಡಿದ್ದ. ಮಗುವಿಗೆ ಜ್ವರ ಇದ್ದ ವಾರದಲ್ಲೂ ಓದಿದ್ದ. ಅವನು ಓದಿದ ಪುಸ್ತಕ ನನ್ನದೇ. ಇದೆಲ್ಲ ಗೊತ್ತಿದ್ದ ನಾನೇ ಅದನ್ನು ಬಿಟ್ಟು ನಸೀಬು ಅಂದೆ. ಆಮೇಲೆ ಎಷ್ಟೋ ದಿನ ನಮ್ಮಿಬ್ಬರ ನಡುವೆ ಚಹಾ ನಿಂತುಹೋಯಿತು.

ಅದಾದ ಮೇಲೆ ನಾನು ಮಾಡುವುದು ಇಷ್ಟು. ಆದೇಶ ಓದಿದ ಮೇಲೆ ಒಂದು ಗಂಟೆ ಬಿಡುತ್ತೇನೆ. ಮನಸ್ಸಿನಲ್ಲಿರುವ ಕಹಿ ಮಾತನ್ನು ಮನೆಯಲ್ಲಿ ಹೆಂಡತಿಯ ಹತ್ತಿರ ಪೂರ್ತಿ ಹೇಳಿ ಮುಗಿಸುತ್ತೇನೆ. ಆಫೀಸಿನ ಯಾರ ಹತ್ತಿರವೂ ಹೇಳುವುದಿಲ್ಲ, ಯಾಕೆಂದರೆ ಅಲ್ಲಿ ಆಡಿದ ಮಾತು ಸಂಜೆಯೊಳಗೆ ಅವರಿಗೆ ಮುಟ್ಟಿರುತ್ತದೆ. ಆಮೇಲೆ ಎಷ್ಟು ಚೆಂದದ ಅಭಿನಂದನೆ ಹೇಳಿದರೂ ಅವರು ನಂಬುವುದಿಲ್ಲ. ಹಾಗಂತ ತಡ ಜಾಸ್ತಿ ಮಾಡಬಾರದು. ಮಾರನೇ ದಿನ ಮಧ್ಯಾಹ್ನದ ಊಟದೊಳಗೆ ಹೇಳಿಬಿಡಬೇಕು. ಮೂರು ದಿನ ಬಿಟ್ಟು ಹೇಳಿದರೆ ‘ಈಗ ಮನಸ್ಸು ಬಂತು’ ಅಂತ ಆಗುತ್ತದೆ.

ಪಟ್ಟಿಯಲ್ಲೇ ನಿಜವಾಗಿ ತಪ್ಪಾಗಿದೆ ಅಂತ ನಿಮಗೆ ಗಟ್ಟಿಯಾಗಿ ಅನಿಸಿದರೆ ಅದಕ್ಕೆ ದಾರಿ ಬೇರೆ ಇದೆ. ಜ್ಯೇಷ್ಠತಾ ಪಟ್ಟಿಗೆ ಆಕ್ಷೇಪಣೆ ಹಾಕಬಹುದು, ಇಲಾಖೆಗೆ ಮನವಿ ಕೊಡಬಹುದು, ಅದೂ ಆಗದಿದ್ದರೆ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು. ಅದರ ಪೀಠ ಕಲಬುರಗಿಯಲ್ಲೇ ಇದೆ. ಆ ತಕರಾರು ಇಲಾಖೆಯ ಮೇಲೆ. ಪ್ರಮೋಷನ್ ಬಂದವರು ಪಟ್ಟಿ ಮಾಡಿದವರಲ್ಲ. ಹಾಗಾಗಿ ಮನವಿ ಕೊಡುವ ದಿನವೂ ಅವರಿಗೆ ಒಳ್ಳೆಯ ಮಾತು ಹೇಳಲು ಬರುತ್ತದೆ, ಅದರಲ್ಲಿ ಸುಳ್ಳೇನೂ ಇಲ್ಲ.

ನೀವೇ ಕಣ್ಣಾರೆ ನೋಡಿದ ಒಂದು ಕೆಲಸ ಹುಡುಕಿ

ಇಡೀ ವಿಷಯದಲ್ಲಿ ಮುಖ್ಯವಾದದ್ದು ಇದೇ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

‘ನಿಮ್ಮ ಶ್ರಮಕ್ಕೆ ತಕ್ಕ ಪ್ರತಿಫಲ ಸಿಕ್ಕಿದೆ’ ಅನ್ನುವ ಮಾತು ನಮ್ಮ ಕಚೇರಿಗಳಲ್ಲಿ ಯಾಕೆ ಪೊಳ್ಳಾಗಿ ಕೇಳಿಸುತ್ತದೆ ಗೊತ್ತಾ? ಮುಂಬಡ್ತಿ ಬರುವುದು ಜ್ಯೇಷ್ಠತೆಯಿಂದ, ಇಲಾಖಾ ಪರೀಕ್ಷೆ ಪಾಸಾಗಿರುವುದರಿಂದ, ವಿಚಾರಣೆ ಬಾಕಿ ಇಲ್ಲದಿರುವುದರಿಂದ. ಇದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಹಾಗಿರುವಾಗ ಶ್ರಮ, ಪ್ರತಿಫಲ ಅನ್ನುವ ದೊಡ್ಡ ಮಾತಿಗೆ ಕಾಲೂರಲು ಜಾಗ ಇರುವುದಿಲ್ಲ. ಪ್ರಮೋಷನ್ ಯಾಕೆ ಬಂತು ಅಂತ ನೀವು ವಿವರಿಸಲು ಹೋಗಲೇಬೇಡಿ. ಅದು ಪಟ್ಟಿಯ ಕೆಲಸ. ಅವರು ಇಷ್ಟು ವರ್ಷ ಎಂಥ ಕೆಲಸ ಮಾಡಿದರು ಅನ್ನುವುದಕ್ಕೆ ನೀವು ಸಾಕ್ಷಿ. ಆ ಸಾಕ್ಷಿಯನ್ನು ಹೇಳಿ. ಪಟ್ಟಿಯಲ್ಲಿ ಅದು ಎಲ್ಲೂ ಇಲ್ಲ. ಪಕ್ಕದ ಟೇಬಲ್‌ನವರು ಹೇಳಿದರೆ ಮಾತ್ರ ಅದು ಹೊರಗೆ ಬರುತ್ತದೆ.

ಹುಡುಕುವುದು ಹೇಗೆ? ‘ಒಳ್ಳೆಯವರು’, ‘ಸಹಾಯ ಮಾಡುವವರು’ ಅಂತ ಬಂದರೆ ಅಲ್ಲಿಗೆ ನಿಲ್ಲಿಸಬೇಡಿ. ಯಾವತ್ತು? ಯಾವ ಫೈಲು? ಯಾರು ಬಂದಿದ್ದರು? ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಒಂದು ದಿನ, ಒಂದು ಫೈಲು, ಒಬ್ಬ ಮನುಷ್ಯ ಕಣ್ಣ ಮುಂದೆ ಬರುವವರೆಗೆ ಕೇಳಿಕೊಳ್ಳಬೇಕು.

ನಮ್ಮ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್ನಿನ ಮೇಡಂ ಸೂಪರಿಂಟೆಂಡೆಂಟ್ ಆದಾಗಿನದು ಹೇಳುತ್ತೇನೆ. ಪಟ್ಟಿಯಲ್ಲಿ ನಾನು ಅವರಿಗಿಂತ ಎರಡೇ ಹೆಸರು ಕೆಳಗಿದ್ದೆ. ಆ ಸಲ ಅವರ ಹೆಸರಿಗೆ ಪಟ್ಟಿ ನಿಂತಿತು. ರಾತ್ರಿ ಕೂತು ಏನು ಹೇಳಲಿ ಅಂತ ಯೋಚಿಸಿದೆ. ಮೊದಲು ಬಂದದ್ದು ‘ಮೇಡಂ ಕೆಲಸದಲ್ಲಿ ಬಹಳ ಅಚ್ಚುಕಟ್ಟು’ ಅಂತ. ಅದನ್ನು ಯಾರಿಗೆ ಬೇಕಾದರೂ ಹೇಳಬಹುದು. ಯಾವತ್ತು ಅಚ್ಚುಕಟ್ಟು ಅಂತ ಕೇಳಿಕೊಂಡೆ. ಆಗ ಒಬ್ಬ ಹೆಣ್ಣುಮಗಳು ನೆನಪಿಗೆ ಬಂದಳು.

ನಮ್ಮ ಕಚೇರಿಯ ಒಬ್ಬ ಗ್ರೂಪ್ ಡಿ ನೌಕರರು ತೀರಿಹೋಗಿದ್ದರು. ಅವರ ಹೆಂಡತಿಯ ಕುಟುಂಬ ಪಿಂಚಣಿ ಕಾಗದ ಆಕ್ಷೇಪಣೆಯೊಂದಿಗೆ ವಾಪಸ್ ಬಂದಿತ್ತು. ಸೇವಾ ಪುಸ್ತಕದಲ್ಲಿ ಎರಡು ವರ್ಷದ ವಾರ್ಷಿಕ ವೇತನ ಬಡ್ತಿಯ ನಮೂದೇ ಇರಲಿಲ್ಲ. ಬರೆಯಬೇಕಾಗಿದ್ದವರು ಯಾವಾಗಲೋ ರಿಟೈರ್ ಆಗಿ ಹೋಗಿದ್ದರು. ಆಯಮ್ಮ ವಾರಕ್ಕೊಮ್ಮೆ ಹಳ್ಳಿಯಿಂದ ಬಸ್ ಹತ್ತಿ ಬಂದು ಬಾಗಿಲ ಹತ್ತಿರ ಕೂತಿರುತ್ತಿದ್ದಳು. ಮೇಡಂ ಏಪ್ರಿಲ್ ಬಿಸಿಲಿನಲ್ಲಿ, ಫ್ಯಾನಿಲ್ಲದ ರೆಕಾರ್ಡ್ ರೂಮಿನಲ್ಲಿ ಮೂರು ಮಧ್ಯಾಹ್ನ ಕೂತು ಹಳೇ ಸಂಬಳದ ಬಿಲ್ಲಿನ ಕಟ್ಟುಗಳನ್ನು ಬಿಚ್ಚಿದರು. ಸೀರೆಯ ಸೆರಗಿಗೆಲ್ಲ ಧೂಳು. ಆ ಎರಡು ವರ್ಷದ ಬಿಲ್ಲಿನ ಪ್ರತಿ ಸಿಕ್ಕವು. ಅವುಗಳ ಆಧಾರದಲ್ಲಿ ನಮೂದು ಹಾಕಿಸಿ, ಸಾಹೇಬರ ಸಹಿ ಮಾಡಿಸಿ ಕಾಗದ ಮತ್ತೆ ಕಳಿಸಿದರು. ಇದನ್ನು ಅವರು ಯಾರಿಗೂ ಹೇಳಿಕೊಳ್ಳಲಿಲ್ಲ. ರೆಕಾರ್ಡ್ ರೂಮಿನ ಬೀಗದ ಕೈ ನನ್ನ ಹತ್ತಿರ ಇದ್ದದ್ದರಿಂದ ನನಗೆ ಗೊತ್ತು.

ಮಾರನೇ ದಿನ ಬೆಳಿಗ್ಗೆ ಹೋಗಿ ಹೇಳಿದ್ದು ಇಷ್ಟು:

‘ಮೇಡಂ, ನೀವು ಸೂಪರಿಂಟೆಂಡೆಂಟ್ ಆಗಿದ್ದು ಭಾಳ ಖುಷಿ ಆತ್ರೀ. ಆ ಪಿಂಚಣಿ ಕಾಗದಕ್ಕ ನೀವು ರೆಕಾರ್ಡ್ ರೂಮಿನಾಗ ಮೂರು ದಿನ ಕುಂತಿದ್ದು ನಾ ಮರ್ತಿಲ್ಲ. ಅಂಥ ಕಣ್ಣು ಇರೋರು ಸೆಕ್ಷನ್ ನೋಡ್ಬೇಕು.’

ಮೇಡಂ ಒಂದು ಗಳಿಗೆ ಮಾತಾಡಲಿಲ್ಲ. ಆಮೇಲೆ, ‘ಆಯಮ್ಮ ಈಗ ಹೆಂಗದಾಳೋ ಏನೋ’ ಅಂದರು. ನಾವಿಬ್ಬರೂ ಆಯಮ್ಮನ ಬಗ್ಗೆ ಐದು ನಿಮಿಷ ಮಾತಾಡಿದೆವು. ನನ್ನ ಹೆಸರು ಪಟ್ಟಿಯಲ್ಲಿ ಕೆಳಗುಳಿದದ್ದು ಆ ಐದು ನಿಮಿಷದಲ್ಲಿ ನನಗೆ ನೆನಪಾಗಲಿಲ್ಲ. ನೋಡಿದ್ದನ್ನು ಹೇಳುವಾಗ ನಮ್ಮ ಗಮನ ಅವರ ಕಡೆ ತಿರುಗುತ್ತದೆ. ಹೊಟ್ಟೆಕಿಚ್ಚಿಗೆ ಆಗ ಜಾಗ ಕಡಿಮೆ.

ಆ ಮಾತಿನಲ್ಲಿ ಇರುವುದು ಮೂರೇ ತುಂಡು. ಸುದ್ದಿ ಕೇಳಿ ನನಗೆ ಏನನಿಸಿತು. ನಾನು ಏನು ನೋಡಿದ್ದೆ. ಅದಕ್ಕೂ ಹೊಸ ಹುದ್ದೆಗೂ ಏನು ಸಂಬಂಧ. ಮೂರನೆಯದು ಸಹಜವಾಗಿ ಬರದಿದ್ದರೆ ಬಿಟ್ಟುಬಿಡಿ, ಎರಡು ಸಾಕು. ಎರಡನೆಯದನ್ನು ಮಾತ್ರ ಬಿಡಬೇಡಿ. ಹೇಳಿದ ಮೇಲೆ ನಿಲ್ಲಿಸಿ. ಮೌನ ಆಯಿತು ಅಂತ ಗಾಬರಿಯಾಗಿ ‘ಇನ್ನೂ ಮೇಲೆ ಹೋಗ್ರಿ, ದೇವರು ಒಳ್ಳೇದು ಮಾಡ್ಲಿ’ ಅಂತ ಎಳೆಯುತ್ತಾ ಹೋದರೆ, ಮೊದಲು ಹೇಳಿದ ಒಳ್ಳೆಯ ಮಾತು ಅದರಡಿ ಮುಚ್ಚಿಹೋಗುತ್ತದೆ.

ಘಟನೆ ದೊಡ್ಡದಿರಬೇಕು ಅಂತಿಲ್ಲ. ಆಡಿಟ್ ಬಂದಾಗ ವೋಚರುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಇಟ್ಟಿದ್ದು. ಹೊಸದಾಗಿ ಬಂದ ಎಸ್‌ಡಿಎ ಹುಡುಗನಿಗೆ ಟಿಪ್ಪಣಿ ಬರೆಯುವುದು ಹೇಳಿಕೊಟ್ಟಿದ್ದು. ಎಲೆಕ್ಷನ್ ಡ್ಯೂಟಿಯಲ್ಲಿ ಇನ್ನೊಬ್ಬರ ಬೂತಿಗೆ ತಾವು ಹೋಗಿದ್ದು. ಆದರೆ ಒಂದು ಎಚ್ಚರ ಬೇಕು. ಅವರು ಮುಚ್ಚಿಟ್ಟುಕೊಂಡ ಕಷ್ಟವನ್ನು ಎಲ್ಲರೆದುರು ಎತ್ತಬೇಡಿ. ‘ಗಂಡ ತೀರಿಕೊಂಡ ಮೇಲೂ ಎಷ್ಟು ಗಟ್ಟಿಯಾಗಿ ನಿಂತ್ರಿ’ ಅನ್ನುವುದು ನಿಜವೇ ಇರಬಹುದು. ಅದನ್ನು ಹೇಳುವುದಾದರೆ ಇಬ್ಬರೇ ಇದ್ದಾಗ, ಅಷ್ಟು ಸಲಿಗೆ ಇದ್ದರೆ ಮಾತ್ರ.

ಅವರ ಜೊತೆ ಕೆಲಸವೇ ಮಾಡಿಲ್ಲ, ಮುಖ ಪರಿಚಯ ಅಷ್ಟೇ ಅಂದರೆ ಘಟನೆ ಹುಟ್ಟಿಸಲು ಹೋಗಬೇಡಿ. ‘ನಿಮ್ಮ ಆರ್ಡರ್ ನೋಡಿದೆ ಸರ, ಖುಷಿ ಆತು’ ಅಂದರೆ ಮುಗಿಯಿತು. ಗೊತ್ತಿಲ್ಲದವರಿಂದ ಬರುವ ಚಿಕ್ಕ ಮಾತು ಚಿಕ್ಕದಾಗಿಯೇ ಚೆನ್ನ.

ತಾನಾಗಿ ಬಾಯಿಗೆ ಬರುವ ಕೆಲವು ಮಾತು

ಹೇಳುವವರಿಗೆ ಕೆಟ್ಟ ಮನಸ್ಸೇನೂ ಇರುವುದಿಲ್ಲ. ಕೇಳುವವರಿಗೆ ಮಾತ್ರ ಚುಚ್ಚುತ್ತದೆ.

‘ಅಂತೂ ಇಂತೂ ಆತಲ್ರೀ’ ಅಂದರೆ ಇಷ್ಟು ತಡ ಆಗಿದ್ದನ್ನು ನೆನಪಿಸಿದ ಹಾಗೆ. ‘ಇನ್ನ ನಮ್ಮನ್ನ ಮರೀಬ್ಯಾಡ್ರೀ’ ಅನ್ನುವುದು ಅವರು ಮರೆಯುವ ಜನ ಅಂತ ಮೊದಲೇ ತೀರ್ಪು ಕೊಟ್ಟ ಹಾಗೆ. ‘ನಿಮಗಾತು, ನಮಗ ಯಾವಾಗೋ’ ಅಂದರೆ ಅವರ ದಿನ ಹೋಗಿ ನಮ್ಮ ದಿನ ಆಯಿತು. ಪಾಪ, ಆಗ ಅವರೇ ನಮಗೆ ಸಮಾಧಾನ ಹೇಳಬೇಕಾಗುತ್ತದೆ.

ರೋಸ್ಟರ್ ಮಾತು ಮತ್ತು 371(ಜೆ) ಮಾತು ಬೇಡವೇ ಬೇಡ. ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಸಂವಿಧಾನದ 98ನೇ ತಿದ್ದುಪಡಿಯಿಂದ ವಿಶೇಷ ಸ್ಥಾನ ಬಂತು, ಸ್ಥಳೀಯ ವೃಂದ ಅಂತ ಆಯಿತು. ಮುಂಬಡ್ತಿಯಲ್ಲಿ ಮೀಸಲಾತಿ ಇರುವುದೂ ಕಾನೂನಿನಿಂದಲೇ. ಅದರ ಬಗ್ಗೆ ಯಾರಿಗೆ ಯಾವ ಅಭಿಪ್ರಾಯವಾದರೂ ಇರಲಿ. ಅಭಿನಂದನೆಯ ಜೊತೆ ಅದನ್ನು ಸೇರಿಸಿದರೆ ಕೇಳುವವರಿಗೆ ಕೇಳಿಸುವುದು ಒಂದೇ: ‘ಇದು ನಿನ್ನದಲ್ಲ.’ ನಾನು ನನ್ನ ಗೆಳೆಯನಿಗೆ ಹೇಳಿದ್ದೂ ಅದೇ ಆಗಿತ್ತು.

‘ಪಗಾರ ಎಷ್ಟು ಜಾಸ್ತಿ ಆತು?’ ಇದು ನಮ್ಮಲ್ಲಿ ಬಹಳ ಸಾಮಾನ್ಯ. ಹತ್ತು ವರ್ಷಕ್ಕೆ ಕಾಲಬದ್ಧ ಬಡ್ತಿ, ಹದಿನೈದು ವರ್ಷಕ್ಕೆ ಸ್ವಯಂಚಾಲಿತ ವಿಶೇಷ ಬಡ್ತಿ ಆಗಲೇ ತಗೊಂಡವರಿಗೆ ನಿಜವಾದ ಮುಂಬಡ್ತಿ ಬಂದಾಗ ಸಂಬಳ ಬಹಳ ಏರುವುದಿಲ್ಲ. ಅವರಿಗೆ ಸಿಗುತ್ತಿರುವುದು ಹೆಸರು, ಜವಾಬ್ದಾರಿ, ಕೆಲವರಿಗೆ ಬೇರೆ ಊರಿನ ಬಾಡಿಗೆ. ದುಡ್ಡಿನ ಪ್ರಶ್ನೆ ಕೇಳಿ ‘ಅಷ್ಟೇ ಏನು?’ ಅಂದರೆ ಇದ್ದ ಖುಷಿಯೂ ಹೋಗುತ್ತದೆ.

ಪಾರ್ಟಿ ವಿಷಯದಲ್ಲಿ ನಾನು ಅಷ್ಟು ಬಿಗಿ ಇಲ್ಲ. ನಮ್ಮ ಕಡೆ ಒಗ್ಗರಣಿ, ಮಿರ್ಚಿ, ಚಹಾ ಇಲ್ಲದೆ ಯಾವ ಸಂತೋಷವೂ ಪೂರ್ತಿ ಆಗುವುದಿಲ್ಲ. ಆದರೆ ಅದೇ ಮೊದಲ ಮಾತಾಗಬಾರದು. ಸಾಧ್ಯವಾದರೆ ಆ ದಿನದ ಮಿರ್ಚಿ ನೀವೇ ತರಿಸಿ. ಪಟ್ಟಿಯಲ್ಲಿ ಕೆಳಗುಳಿದವರು ತರಿಸಿದ ಒಂದು ಪ್ಲೇಟ್ ಮಿರ್ಚಿ ಬಾಯಿಮಾತಿಗಿಂತ ಜಾಸ್ತಿ ಹೇಳುತ್ತದೆ.

ಎಲ್ಲಿ ಹೇಳಬೇಕು

ಮೊದಲ ಸಲ ಎದುರಿಗೆ, ಇಬ್ಬರೇ ಇದ್ದಾಗ ಅಥವಾ ಒಬ್ಬಿಬ್ಬರು ಇದ್ದಾಗ. ಬೆಳಿಗ್ಗೆ ಹಾಜರಿ ಹಾಕಿದ ಮೇಲೆ, ಜನ ಬರಲು ಶುರುವಾಗುವ ಮೊದಲಿನ ಹೊತ್ತು ಒಳ್ಳೆಯದು. ಅವರ ಟೇಬಲ್ ಹತ್ತಿರ ನಿಂತು ಹೇಳಿ. ನಿಮ್ಮ ಖುರ್ಚಿಯಲ್ಲೇ ಕೂತು ಇಡೀ ಹಾಲಿಗೆ ಕೇಳುವ ಹಾಗೆ ಕೂಗಿದರೆ ಅದು ಉಳಿದವರಿಗೆ ತೋರಿಸಲು ಹೇಳಿದ ಹಾಗೆ ಕಾಣುತ್ತದೆ. ಸಾಹೇಬರ ಎದುರು ಮೊದಲ ಸಲ ಹೇಳುವುದೂ ಹಾಗೆಯೇ.

ಬೇರೆ ಊರಿನ ಕಚೇರಿಯಲ್ಲಿದ್ದರೆ ಫೋನ್ ಮಾಡಿ. ಆ ಸಂಜೆ ಅವರ ಫೋನ್ ಬಿಡುವಿರುವುದಿಲ್ಲ. ಸಿಗದಿದ್ದರೆ ಎರಡು ಸಾಲು ಬರೆದು ಬಿಡಿ, ಮಾರನೇ ದಿನ ಮಾಡಿ. ಗುಂಪಿನಲ್ಲಿ ಹಾಕಬೇಕೋ ಬೇಡವೋ? ಹಾಕಿ. ಹಾಕದಿದ್ದರೆ ಬೇರೆಯವರು ಲೆಕ್ಕ ಹಾಕುತ್ತಾರೆ. ಆದರೆ ಗುಂಪಿನಲ್ಲಿ ಒಂದೇ ಸಾಲು ಸಾಕು, ಘಟನೆ ಅವರಿಗೆ ಬೇರೆಯಾಗಿ ಬರೆಯಿರಿ. ಬೇರೆಯವರು ಕಳಿಸಿದ ಹೂಗುಚ್ಛದ ಚಿತ್ರವನ್ನು ಫಾರ್ವರ್ಡ್ ಮಾಡಬೇಡಿ. ಬೇರೆಯಾಗಿ ಬರೆಯುವುದು ಹೀಗಿರಬಹುದು:

‘ಸರ, ಆದೇಶ ನೋಡಿದೆ. ಹೋದ ವರ್ಷ ಆಡಿಟ್‌ನವರು ಕೂತಾಗ ರಾತ್ರಿ ಎಂಟರವರೆಗೆ ನಮ್ಮ ಜೊತೆ ಇದ್ದು ಒಂದೊಂದೇ ಆಕ್ಷೇಪಣೆಗೆ ಉತ್ತರ ಬರೆಸಿದ್ರಿ. ಇವತ್ತು ಅದೇ ನೆನಪಾಯ್ತು. ಮನಸ್ಸು ತುಂಬಿ ಬಂತು.’

ಇದರಲ್ಲಿ ಅಭಿನಂದನೆ ಅನ್ನುವ ಪದವೇ ಇಲ್ಲ. ಅದು ಇಲ್ಲ ಅಂತ ಓದಿದವರಿಗೆ ಅನಿಸುವುದೂ ಇಲ್ಲ.

ನೀವೂ ಪಟ್ಟಿಯಲ್ಲಿದ್ದಿರಿ ಅಂತ ಅವರಿಗೆ ಗೊತ್ತಿರುತ್ತದೆ. ಅವರೇ ‘ನಿಮ್ಮದೂ ಆಗ್ಬೇಕಿತ್ತು’ ಅನ್ನುತ್ತಾರೆ. ಆಗ ‘ಅಯ್ಯೋ ನನಗೇನೂ ಅನಿಸಿಲ್ಲ’ ಅನ್ನಬೇಡಿ. ಅವರು ನಂಬುವುದಿಲ್ಲ, ಮೊದಲು ಹೇಳಿದ್ದರ ಮೇಲೂ ಅನುಮಾನ ಬರುತ್ತದೆ. ‘ಆಗಿದ್ರ ಖುಷಿ ಇತ್ರೀ, ಮುಂದಿನ ಪಟ್ಟಿಗೆ ನೋಡೋಣ. ಇವತ್ತು ನಿಮ್ಮದು’ ಅಂತ ನೇರವಾಗಿ ಹೇಳಿ, ಮಾತು ಅವರ ಕಡೆಗೇ ತಿರುಗಿಸಿ.

ಬಳ್ಳಾರಿ ಕಡೆ, ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಕೆಲಸ ಮಾಡುವವರಿಗೆ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಜ್ಯೇಷ್ಠತಾ ಪಟ್ಟಿ ಅನ್ನುವುದಕ್ಕಿಂತ ಅಪ್ರೈಸಲ್ ಮುಖ್ಯ, ಮೇಲಿನವರು ಆರಿಸುತ್ತಾರೆ. ಹಾಗಾಗಿ ಹೋಲಿಕೆ ಚುಚ್ಚುವುದು ಜಾಸ್ತಿ. ‘ನಮ್ಮ ಶಿಫ್ಟಿನಲ್ಲಿ ನಿನಗೇ ಬರಬೇಕಿತ್ತು, ಅವನಿಗಲ್ಲ’ ಅಂತ ಹೊಗಳುವವರಿದ್ದಾರೆ. ಒಬ್ಬರನ್ನು ಏರಿಸಲು ಇನ್ನೊಬ್ಬರನ್ನು ಇಳಿಸಿದರೆ, ಕೇಳುವವರು ನಾಳೆ ತಮ್ಮ ಸರದಿ ಅಂತ ಎಣಿಸುತ್ತಾರೆ. ಅಲ್ಲಿಯೂ ಕಣ್ಣಾರೆ ನೋಡಿದ್ದನ್ನೇ ಹೇಳಿ: ನೈಟ್ ಶಿಫ್ಟಿನಲ್ಲಿ ಬೆಲ್ಟ್ ನಿಂತಾಗ ಯಾರು ಮೊದಲು ಹೋಗಿ ನೋಡಿದರು, ಯಾರು ಎಲ್ಲರನ್ನೂ ದೂರ ನಿಲ್ಲಿಸಿ ಆಮೇಲೆ ಕೈ ಹಾಕಿದರು.

ನಿಮಗಿಂತ ಚಿಕ್ಕವರು ನಿಮ್ಮ ಮೇಲೆ ಬಂದರೆ

ಇದು ಎಲ್ಲಕ್ಕಿಂತ ಬಿಗಿ. ನಿನ್ನೆಯವರೆಗೆ ‘ತಮ್ಮಾ, ಆ ಫೈಲ್ ತಗೊಂಬಾ’ ಅಂತ ಕರೆಯುತ್ತಿದ್ದ ಹುಡುಗ ನಾಳೆ ನಿಮ್ಮ ಟಿಪ್ಪಣಿಯ ಕೆಳಗೆ ಸಹಿ ಹಾಕುತ್ತಾನೆ. ಅವನಿಗೂ ನಿಮ್ಮನ್ನು ಏನಂತ ಕರೆಯಬೇಕು ಅಂತ ಗೊತ್ತಾಗುವುದಿಲ್ಲ. ಇಬ್ಬರೂ ನುಂಗಿಕೊಂಡು ಓಡಾಡುತ್ತೀರಿ.

ಆ ಗಂಟನ್ನು ದೊಡ್ಡವರೇ ಬಿಚ್ಚಬೇಕು. ಅವರು ಚಾರ್ಜ್ ತಗೊಳ್ಳುವ ಮೊದಲೇ, ನೀವಾಗಿಯೇ ಹೋಗಿ ಹೇಳಿ. ಅಭಿನಂದನೆ ಮತ್ತು ಈ ಮಾತು ಎರಡೂ ಒಂದೇ ಭೇಟಿಯಲ್ಲಿ ಆಗಲಿ. ಜನರೆದುರು, ಕಾಗದದಲ್ಲಿ, ಮೀಟಿಂಗಿನಲ್ಲಿ ‘ಸರ್’ ಅಂತಲೇ ಕರೆಯಿರಿ, ‘ನೀವು’ ಅನ್ನಿ. ಅದನ್ನು ಒತ್ತಿ, ರಾಗ ಎಳೆದು ‘ಸಾಆರ್’ ಅನ್ನಬೇಡಿ, ಅದು ಅಣಕ ಆಗುತ್ತದೆ. ಅವನು ಎದ್ದು ನಿಂತು ‘ಅಣ್ಣಾ ಕುಂದ್ರಿ’ ಅಂದರೆ ಒಲ್ಲೆ ಅನ್ನದೆ ಕೂತುಕೊಳ್ಳಿ. ಹುದ್ದೆಗೆ ನೀವು ಮರ್ಯಾದೆ ಕೊಟ್ಟಿರಿ, ವಯಸ್ಸಿಗೆ ಅವನು ಕೊಡುತ್ತಿದ್ದಾನೆ.

ಹೋದ ವರ್ಷ ನಮ್ಮ ಸೆಕ್ಷನ್ನಿಗೆ ಹಾಗೆ ಒಬ್ಬರು ಬಂದರು. ಎಸ್‌ಡಿಎ ಆಗಿದ್ದಾಗ ಅವರಿಗೆ ಸಂಬಳದ ಬಿಲ್ಲು ಮಾಡುವುದನ್ನು ಹೇಳಿಕೊಟ್ಟವನು ನಾನು. ನೇಮಕಾತಿ ಪರೀಕ್ಷೆ ಬರೆದು, ನಮ್ಮೆಲ್ಲರನ್ನೂ ದಾಟಿ ಮೇಲೆ ಹೋದರು. ಅವರು ಬರುವ ಹಿಂದಿನ ದಿನ ಬಸ್ ಸ್ಟ್ಯಾಂಡಿನ ಹತ್ತಿರದ ಮಿರ್ಚಿ ಬಂಡಿಗೆ ಕರೆದುಕೊಂಡು ಹೋದೆ. ‘ನೀ ಬಿಲ್ಲಿನಾಗ ಒಂದು ರೂಪಾಯಿ ತಪ್ಪಿದ್ರೂ ರಾತ್ರಿ ಫೋನ್ ಮಾಡ್ತಿದ್ದಿ, ಆವಾಗ್ಲೇ ಅನ್ಕೊಂಡಿದ್ದೆ’ ಅಂದೆ. ‘ನಾಳೆಯಿಂದ ಆಫೀಸಿನಾಗ ಸರ್ ಅಂತೀನಿ, ನಿನಗ ಮುಜುಗರ ಬ್ಯಾಡ.’

ಅವರು ಕೈಯಲ್ಲಿದ್ದ ಮಿರ್ಚಿಯನ್ನು ಪೇಪರಿನ ಮೇಲೆ ಇಟ್ಟರು. ‘ಆಫೀಸಿನಾಗ ಹಂಗ ಅನ್ನಣ್ಣ’ ಅಂದರು. ‘ಇಲ್ಲಿ ಮಾತ್ರ ತಮ್ಮ ಅಂತನ ಕರಿ.’